ಸ್ಟೇಟ್‌ಮೆಂಟಿನಲ್ಲಿ ಮೂರು ಲೆಕ್ಕ: ನನ್ನ ಎಸ್‌ಐಪಿಗೆ ನಿಜವಾಗಿ ಸಿಕ್ಕಿದ್ದು ಎಷ್ಟು?

ಎರಡೆಕರೆ ತೋಟ
ಎಲ್ಲರಿಗೂ ನಮಸ್ಕಾರ. ಹೊಸನಗರ ತಾಲೂಕಿನವನು. ಒಂದು ಲೆಕ್ಕ ಬಿಡಿಸಿಕೊಡಿ.

2022ರ ಜುಲೈನಿಂದ ಒಂದು ಈಕ್ವಿಟಿ ಫಂಡಿಗೆ ತಿಂಗಳಿಗೆ 5,000 ರೂಪಾಯಿ ಎಸ್‌ಐಪಿ ಕಟ್ಟುತ್ತಿದ್ದೇನೆ. ಪ್ರತಿ ತಿಂಗಳು 10ನೇ ತಾರೀಕಿಗೆ ಬ್ಯಾಂಕಿನಿಂದ ಹೋಗುತ್ತದೆ. ಈ ಜೂನ್‌ಗೆ 36 ಕಂತು ಆಯಿತು, ಅಂದರೆ 1,80,000. ಕಳೆದ ವರ್ಷ ಜುಲೈನಲ್ಲಿ ಗಾಳಿಗೆ ಕೊಟ್ಟಿಗೆಯ ಶೀಟು ಹಾರಿಹೋಯಿತು. ದನ ನೆನೆಯುತ್ತಾ ನಿಂತಿದ್ದವು. ಆಗ ಇದರಿಂದಲೇ 40,000 ತೆಗೆದೆ. ಕಂತು ನಿಲ್ಲಿಸಲಿಲ್ಲ.

ಈಗ 10 ಜುಲೈ 2025ರ ಸ್ಟೇಟ್‌ಮೆಂಟ್ ಬಂದಿದೆ. ಅದರಲ್ಲಿ Total Cost Value 1,47,270 ಅಂತಿದೆ. Market Value 1,70,600. ನಾನು ಹಾಕಿದ್ದು 1,80,000, ಇರುವುದು 1,70,600, ಹಾಗಾದರೆ ನಷ್ಟವಾ? ಫಂಡ್ ಮಾಡಿಸಿಕೊಟ್ಟವರನ್ನು ಕೇಳಿದರೆ "ನಿಮಗೆ ಸುಮಾರು 16 ಪರ್ಸೆಂಟ್ ಲಾಭ ಇದೆ, ಆರಾಮಾಗಿರಿ" ಅಂದರು. ಬೆಂಗಳೂರಲ್ಲಿರುವ ಮಗ ಅವನ ಆ್ಯಪಿನಲ್ಲಿ ನೋಡಿ 12 ಅಂತಾನೆ. ಒಂದೇ ದುಡ್ಡಿಗೆ ಮೂರು ಉತ್ತರ. ಯಾರದ್ದು ಸರಿ?

ತೀರ್ಥಹಳ್ಳಿ ಅಂಗಡಿ
ಅಣ್ಣ, ಹಣ ತೆಗೆಯುವುದಾದರೆ ಆ್ಯಪಿನಲ್ಲೇ ಆಗುತ್ತದೆ, ಶಿವಮೊಗ್ಗಕ್ಕೆ ಹೋಗಿ ಫಾರ್ಮ್ ಕೊಡಬೇಕು ಅಂತಿಲ್ಲ. ಎರಡು ಮೂರು ದಿನದಲ್ಲಿ ಅಕೌಂಟಿಗೆ ಬರುತ್ತದೆ. ನಷ್ಟ ಇದ್ದರೆ ಸ್ವಲ್ಪ ಕಾಯಿರಿ.

ಎರಡೆಕರೆ ತೋಟ
ತೆಗೆಯುವ ವಿಚಾರ ಅಲ್ಲ ಮಾರಾಯ್ರೆ. ವರ್ಷಕ್ಕೆ ಎಷ್ಟು ಪರ್ಸೆಂಟ್ ಸಿಕ್ಕಿದೆ ಅನ್ನುವುದು ಪ್ರಶ್ನೆ.

ವಿನೋಬನಗರದ ಮೇಷ್ಟ್ರು
ಇದು ಸುಲಭ. ಹಾಕಿದ್ದು 1,47,270, ಆಗಿದ್ದು 1,70,600. ಮೂರು ವರ್ಷ. ಭಾಗಿಸಿದರೆ 1.158. ಅದರ ಘನಮೂಲ ತೆಗೆಯಿರಿ, 1.05 ಬರುತ್ತದೆ. ಅಂದರೆ ವರ್ಷಕ್ಕೆ 5%, ಚಕ್ರಬಡ್ಡಿಯ ಲೆಕ್ಕದಲ್ಲಿ. ಮೂವತ್ತು ವರ್ಷ ಮಕ್ಕಳಿಗೆ ಇದನ್ನೇ ಹೇಳಿಕೊಟ್ಟಿದ್ದೇನೆ. ನಿಮ್ಮ ಏಜೆಂಟ್ ಹೇಳಿದ 16 ಮೂರು ವರ್ಷಕ್ಕೆ ಒಟ್ಟು ಆಗಿದ್ದು, ವರ್ಷದ್ದಲ್ಲ. ಮಗನ 12 ಎಲ್ಲಿಂದ ಬಂತೋ ಗೊತ್ತಿಲ್ಲ.

ಎರಡೆಕರೆ ತೋಟ
5 ಅಂದರೆ ನಮ್ಮ ಸೊಸೈಟಿಯ ಠೇವಣಿಗಿಂತ ಕಡಿಮೆ ಆಯಿತಲ್ಲ. ಅಲ್ಲಿ 7 ಕೊಡುತ್ತಾರೆ, ತಲೆಬಿಸಿಯೂ ಇಲ್ಲ. ಈ ತಿಂಗಳೇ ನಿಲ್ಲಿಸಿಬಿಡುತ್ತೇನೆ.

ಸಾಗರದ ಸೊಸೆ
ನಿಲ್ಲಿಸುವುದು ಬಿಡುವುದು ಆಮೇಲೆ ನೋಡಿ ಅಣ್ಣ. ಮೊದಲು ಲೆಕ್ಕ ಸರಿಯಾಗಲಿ. ನಾನು ತೆರಿಗೆ ಕಚೇರಿಯೊಂದರಲ್ಲಿ ಲೆಕ್ಕ ಬರೆಯುವವಳು, ಈ ಸ್ಟೇಟ್‌ಮೆಂಟ್‌ಗಳನ್ನು ದಿನಾ ನೋಡುತ್ತೇನೆ.

ಮೇಷ್ಟ್ರು ಹೇಳಿದ ವಿಧಾನ ತಪ್ಪಲ್ಲ. ಆದರೆ ಅದು ಒಂದೇ ಸಲ ಗಂಟು ಇಟ್ಟವರಿಗೆ. 2022ರ ಜುಲೈನಲ್ಲೇ ಪೂರ್ತಿ 1,47,270 ಇಟ್ಟಿದ್ದರೆ 5% ಸರಿ. ನೀವು ಹಾಗೆ ಇಟ್ಟಿಲ್ಲವಲ್ಲ. ನಿಮ್ಮ ಮೊದಲ ಕಂತು ಮೂರು ವರ್ಷ ದುಡಿದಿದೆ, ಕೊನೆಯ ಕಂತು ಒಂದೇ ತಿಂಗಳು. ಜೂನ್‌ನಲ್ಲಿ ಹಾಕಿದ 5,000ಕ್ಕೆ ಮೂರು ವರ್ಷದ ಬಡ್ಡಿ ಎಲ್ಲಿಂದ ಬರಬೇಕು?

ಸೊಸೈಟಿಯ ಮಾತು ಬಂತಲ್ಲ, ಅಲ್ಲೇ ಪರೀಕ್ಷೆ ಮಾಡಿ. ಇದೇ 5,000ವನ್ನು 36 ತಿಂಗಳು 7%ರ ಆರ್‌ಡಿಗೆ ಕಟ್ಟಿದ್ದೀರಿ, ಮಧ್ಯ ಏನೂ ತೆಗೆದಿಲ್ಲ ಅಂತ ಇಟ್ಟುಕೊಳ್ಳಿ. ಮೂರು ತಿಂಗಳಿಗೊಮ್ಮೆ ಬಡ್ಡಿ ಸೇರಿಸಿದರೆ ಕೈಗೆ ಸುಮಾರು 2,00,700 ಬರುತ್ತದೆ. ಅಂದರೆ 1,80,000ಕ್ಕೆ 20,700 ಬಡ್ಡಿ. ಅದು 11.5%. ಮೂರರಿಂದ ಭಾಗಿಸಿದರೆ 3.8. ಸೊಸೈಟಿಯವರು 7 ಅಂತ ಹೇಳಿ 3.8 ಕೊಟ್ಟು ಮೋಸ ಮಾಡಿದರಾ? ಇಲ್ಲ. ಅವರು ಕೊಟ್ಟಿದ್ದು ನಿಜವಾಗಿಯೂ 7. ನಮ್ಮ ಭಾಗಾಕಾರ ತಪ್ಪು.

ಎರಡೆಕರೆ ತೋಟ
ಓಹೋ. ಇದು ತಲೆಗೆ ಹೋಯಿತು. ಹಾಗಾದರೆ ಆ 1,47,270 ಎಂತದು? ನಾನು ಅಷ್ಟು ಹಾಕೇ ಇಲ್ಲ. 1,80,000ದಲ್ಲಿ 40,000 ಕಳೆದರೆ 1,40,000 ಆಗಬೇಕಿತ್ತು.

ಸಾಗರದ ಸೊಸೆ
ಒಳ್ಳೇ ಪ್ರಶ್ನೆ, ಬಹಳ ಜನ ಇಲ್ಲೇ ಎಡವುತ್ತಾರೆ. ಅದು ನಿಮ್ಮ ಬಳಿ ಈಗ ಉಳಿದಿರುವ ಯೂನಿಟ್‌ಗಳನ್ನು ಕೊಳ್ಳಲು ಕೊಟ್ಟ ಹಣ, ಅಷ್ಟೇ. ಮಾರಿದ ಯೂನಿಟ್‌ಗಳ ಕಥೆ ಅದರಲ್ಲಿ ಇಲ್ಲ.

ನೀವು ಹಣ ತೆಗೆದಾಗ ಮೊದಲು ಕೊಂಡ ಯೂನಿಟ್‌ಗಳೇ ಮೊದಲು ಹೋಗುತ್ತವೆ. ನಿಮ್ಮದರಲ್ಲಿ 2022ರ ಜುಲೈನಿಂದ ಸುಮಾರು ಆರೂವರೆ ಕಂತಿನ ಯೂನಿಟ್‌ಗಳು ಹೋಗಿವೆ. ಅವಕ್ಕೆ ನೀವು ಕೊಟ್ಟಿದ್ದು 32,730. ಅವು ಮಾರಿದ್ದು 40,000ಕ್ಕೆ. ಅಂದರೆ ಕೊಟ್ಟಿಗೆ ಶೀಟಿಗೆ ಹೋದ ದುಡ್ಡಿನಲ್ಲಿ 32,730 ನಿಮ್ಮ ಅಸಲು, 7,270 ಲಾಭ. ಆ ಲಾಭ ಮನೆಗೆ ಬಂದಾಯಿತು, ಹಾಗಾಗಿ ಕೊನೆಯ ಸಾಲಿನಲ್ಲಿ ಅದು ಕಾಣುವುದಿಲ್ಲ.

ಉಳಿದದ್ದರಲ್ಲಿ ಲಾಭ 1,70,600ರಿಂದ 1,47,270 ಕಳೆದು 23,330. ಮನೆಗೆ ಬಂದ 7,270 ಸೇರಿಸಿ, 30,600. ಇನ್ನೊಂದು ಕಡೆಯಿಂದ ನೋಡಿ: ಈಗಿರುವ 1,70,600ಕ್ಕೆ ತೆಗೆದ 40,000 ಸೇರಿಸಿದರೆ 2,10,600. ಹಾಕಿದ 1,80,000 ಕಳೆದರೆ ಅದೇ 30,600. ಎರಡೂ ತಾಳೆಯಾಯಿತು. ನಷ್ಟ ಇಲ್ಲ.

ಏಜೆಂಟ್ ಹೇಳಿದ 16 ಬಂದಿದ್ದು 23,330ನ್ನು 1,47,270ರಿಂದ ಭಾಗಿಸಿ. ಸುಳ್ಳಲ್ಲ, ಆದರೆ ವರ್ಷದ ಲೆಕ್ಕವೂ ಅಲ್ಲ, ಪೂರ್ತಿ ಲೆಕ್ಕವೂ ಅಲ್ಲ.

ಮಂಡಿ ಲೆಕ್ಕ
ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಖಾತೆ ಬರೆದವನು ನಾನು. ಕಂಪ್ಯೂಟರ್ ಗೊತ್ತಿಲ್ಲ. ಆದರೆ ಈ ಲೆಕ್ಕ ನಾವು ದಿನಾ ಮಾಡುತ್ತಿದ್ದೆವು. ಬೆಳೆಗಾರ ಮಳೆಗಾಲದಲ್ಲಿ ಒಂದಿಷ್ಟು ಮುಂಗಡ ಒಯ್ಯುತ್ತಾನೆ, ಹಬ್ಬಕ್ಕೆ ಇನ್ನಷ್ಟು, ಮಧ್ಯ ನಾಲ್ಕು ಮೂಟೆ ಅಡಿಕೆ ಹಾಕಿ ತೀರಿಸುತ್ತಾನೆ. ಕೊನೆಗೆ ಬಡ್ಡಿ ಹೇಗೆ ಹಾಕುವುದು? ಪ್ರತಿ ಮೊತ್ತ ಎಷ್ಟು ದಿನ ಇತ್ತೋ ಅದರಿಂದ ಗುಣಿಸಿ ಕೂಡುವುದು.

ಇಲ್ಲಿ ದಿನ ಬೇಡ, ತಿಂಗಳು ಸಾಕು. ಮೊದಲ ಕಂತು 36 ತಿಂಗಳು ಇತ್ತು, ಎರಡನೆಯದು 35, ಹೀಗೇ ಕೊನೆಯದು 1. ಎಲ್ಲ ಕೂಡಿದರೆ 666. ಅದಕ್ಕೆ 5,000 ಗುಣಿಸಿ, 33,30,000. ತೆಗೆದ 40,000 ಕೊನೆಯ 12 ತಿಂಗಳು ಅಲ್ಲಿ ಇರಲಿಲ್ಲ, ಅದು 4,80,000. ಕಳೆದರೆ 28,50,000.

ಅಂದರೆ 28 ಲಕ್ಷ 50 ಸಾವಿರ ರೂಪಾಯಿ ಒಂದು ತಿಂಗಳು ದುಡಿದು 30,600 ತಂದ ಹಾಗೆ. ನೂರಕ್ಕೆ ತಿಂಗಳಿಗೆ 1 ರೂಪಾಯಿ 7 ಪೈಸೆ ಬಡ್ಡಿ. ವರ್ಷಕ್ಕೆ 12.9. ನಿಮ್ಮ ಮಗ ಹೇಳಿದ್ದೇ ಹತ್ತಿರ.

ಎರಡೆಕರೆ ತೋಟ
ರೂಪಾಯಿ ಬಡ್ಡಿ ಅಂದ ಕೂಡಲೇ ಅರ್ಥ ಆಯಿತು ನೋಡಿ. ಆದರೆ 12.9 ಮತ್ತು 12, ಸುಮಾರು ಒಂದು ಪರ್ಸೆಂಟ್ ಎಲ್ಲಿ ಹೋಯಿತು?

ವಿನೋಬನಗರದ ಮೇಷ್ಟ್ರು
ಅದು ನಾನು ಹೇಳಬಲ್ಲೆ. ಮಂಡಿಯವರು ಹಾಕಿದ್ದು ಸರಳ ಬಡ್ಡಿ. ಬಡ್ಡಿಗೆ ಬಡ್ಡಿ ಇಲ್ಲ. ಫಂಡಿನಲ್ಲಿ ಲಾಭದ ಮೇಲೂ ಲಾಭ ಸೇರುತ್ತದೆ. ಹಾಗಾಗಿ ಅದೇ 30,600 ಬರಲು ಸ್ವಲ್ಪ ಕಡಿಮೆ ದರ ಸಾಕು. ಮೇಲಿನ ನನ್ನ ಉತ್ತರ ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಕಂತಿನ ವಿಚಾರ ಗಮನಿಸಲಿಲ್ಲ.

ಸಾಗರದ ಸೊಸೆ
ಹೌದು ಸರ್. ಮಂಡಿ ಅಜ್ಜನ ಲೆಕ್ಕ ಕಾಗದದ ಮೇಲೆ ತಾಳೆ ನೋಡಲು ಬಹಳ ಚೆನ್ನಾಗಿದೆ. ವರ್ಷ ಜಾಸ್ತಿ ಆದಷ್ಟೂ ಅಂತರ ದೊಡ್ಡದಾಗುತ್ತದೆ, ಹತ್ತು ವರ್ಷದ ಎಸ್‌ಐಪಿಗೆ ಅದು ಸಾಲದು. ನಿಖರ ಉತ್ತರಕ್ಕೆ ಕಂಪ್ಯೂಟರಿನ ಶೀಟಿನಲ್ಲಿ XIRR ಅಂತ ಒಂದು ಸೂತ್ರ ಇದೆ. ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಎಲ್ಲದರಲ್ಲೂ ಇದೆ.

ಮೊದಲ ಸಾಲು ತಲೆಬರಹಕ್ಕೆ ಬಿಡಿ. ಎರಡನೇ ಸಾಲಿನಿಂದ ಎ ಕಾಲಮಿನಲ್ಲಿ ತಾರೀಕು, ಬಿ ಕಾಲಮಿನಲ್ಲಿ ಮೊತ್ತ. ನಿಮ್ಮ ಕೈಯಿಂದ ಹೋದದ್ದಕ್ಕೆ ಮೈನಸ್. ಕೈಗೆ ಬಂದದ್ದಕ್ಕೆ ಪ್ಲಸ್. ಕೊನೆಯ ಸಾಲಿನಲ್ಲಿ ಸ್ಟೇಟ್‌ಮೆಂಟಿನ ತಾರೀಕು ಹಾಕಿ, ಆ ದಿನದ ಬೆಲೆಯನ್ನು ಪ್ಲಸ್ ಆಗಿ ಬರೆಯಿರಿ, ಆವತ್ತೇ ಎಲ್ಲ ಮಾರಿ ದುಡ್ಡು ಮನೆಗೆ ತಂದ ಹಾಗೆ.

```
2022-07-11    -5000
2022-08-10    -5000
...
2024-07-10    40000
...
2025-06-10    -5000
2025-07-10   170600

=XIRR(B2:B39, A2:A39)
```

36 ಕಂತು, ಒಂದು ತೆಗೆದದ್ದು, ಒಂದು ಈಗಿನ ಬೆಲೆ, ಒಟ್ಟು 38 ಸಾಲು. ಮೊದಲನೆಯದು 11 ಯಾಕೆ ಅಂದರೆ 2022ರ ಜುಲೈ 10 ಭಾನುವಾರ. ಸ್ಟೇಟ್‌ಮೆಂಟಿನಲ್ಲಿ ಇರುವ ತಾರೀಕನ್ನೇ ಹಾಕಿ, ಎಲ್ಲದಕ್ಕೂ 10 ಅಂತ ಎಳೆದುಬಿಡಬೇಡಿ. ಕೊನೆಯ ಸಾಲಿಗೆ ಇವತ್ತಿನ ತಾರೀಕು ಹಾಕುವುದೂ ಬೇಡ. ಬೆಲೆ ಯಾವ ದಿನದ್ದೋ ತಾರೀಕೂ ಅದೇ ದಿನದ್ದಾಗಬೇಕು.

ಎರಡೆಕರೆ ತೋಟ
ಮಗಳ ಲ್ಯಾಪ್‌ಟಾಪಿನಲ್ಲಿ ಕೂತಿದ್ದೇನೆ. ಸ್ಟೇಟ್‌ಮೆಂಟಿನಲ್ಲಿ ಎಣಿಸಿದರೆ ಕಂತು 27 ಮಾತ್ರ ಇದೆ. ಒಂಬತ್ತು ಕಂತು ಎಲ್ಲಿ ಹೋಯಿತು ಅಂತ ಗಾಬರಿ. ಮೊದಲ ಸಾಲು 2023ರ ಏಪ್ರಿಲ್‌ನದ್ದು.

ಸಾಗರದ ಸೊಸೆ
ಅದರ ಮೇಲೆ Opening Unit Balance ಅಂತ ಒಂದು ಸಾಲು ಇರಬೇಕು ನೋಡಿ. ಅಲ್ಲಿ ಸೊನ್ನೆ ಇಲ್ಲ ಅಂದರೆ ಸ್ಟೇಟ್‌ಮೆಂಟ್ ಮಧ್ಯದಿಂದ ಶುರುವಾಗಿದೆ ಅಂತ ಅರ್ಥ. ಹಿಂದಿನ ಒಂಬತ್ತು ಕಂತು ಅದರೊಳಗೆ ಗಂಟಾಗಿ ಕೂತಿದೆ. ನೀವು ಕೇಳುವಾಗ ಅವಧಿಯನ್ನು ಏಪ್ರಿಲ್‌ನಿಂದ ಕೊಟ್ಟಿದ್ದೀರಿ. ಹಾಗೇ 27 ಸಾಲು ಹಾಕಿ ಲೆಕ್ಕ ಮಾಡಿದ್ದರೆ ಬಹಳ ಸುಂದರವಾದ, ಪೂರ್ತಿ ಸುಳ್ಳಾದ ಉತ್ತರ ಬರುತ್ತಿತ್ತು. 27 ಕಂತಿನ ದುಡ್ಡಿಗೆ 36 ಕಂತಿನ ಬೆಲೆ!

ಫಂಡ್‌ಗಳ ಖಾತೆ ನೋಡಿಕೊಳ್ಳುವ ಕ್ಯಾಮ್ಸ್ ವೆಬ್‌ಸೈಟಿನಲ್ಲಿ ಮತ್ತೆ ಕೇಳಿ. Summary ಬೇಡ, Detailed ಆರಿಸಿ. ಶುರುವಿನ ತಾರೀಕು ನೀವು ಮೊದಲ ಕಂತು ಕಟ್ಟಿದ್ದಕ್ಕಿಂತ ಹಿಂದಿನದ್ದು ಕೊಡಿ. ಮೇಲ್‌ಗೆ ಬರುತ್ತದೆ, ನೀವೇ ಇಟ್ಟ ಪಾಸ್‌ವರ್ಡ್ ಹಾಕಿ ತೆರೆಯುವುದು.

ಎರಡೆಕರೆ ತೋಟ
ಬಂತು. ಈಗ 36 ಇದೆ. ಇನ್ನೊಂದು ಅನುಮಾನ, ಪ್ರತಿ ಕಂತೂ 5,000 ಅಲ್ಲ, ಹೀಗಿದೆ:

```
11-Jul-2022     4,999.75    41.2360     121.247
11-Jul-2022         0.25    *** Stamp Duty ***
10-Jul-2024  (40,000.00)    51.9500   (769.971)
```

ಸಾಗರದ ಸೊಸೆ
25 ಪೈಸೆ ಸ್ಟಾಂಪ್ ಡ್ಯೂಟಿ. 2020ರ ಜುಲೈನಿಂದ ಎಲ್ಲ ಖರೀದಿಗೂ ಇದೆ, ಲಕ್ಷಕ್ಕೆ 5 ರೂಪಾಯಿ. ಉಳಿದ 4,999.75ನ್ನು ಆ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್‌ನ ಬೆಲೆ, 41.2360ರಿಂದ ಭಾಗಿಸಿದರೆ 121.247 ಯೂನಿಟ್. ನಿಮ್ಮ ಜೇಬಿನಿಂದ ಹೋದದ್ದು 5,000, ಅದನ್ನೇ ಬರೆಯಿರಿ.

ಮಂಡಿ ಲೆಕ್ಕ
ನಾನಾದರೆ 4,999.75 ಬರೆಯುತ್ತಿದ್ದೆ. ಫಂಡಿಗೆ ಹೋದದ್ದು ಅಷ್ಟೇ ತಾನೆ.

ಸಾಗರದ ಸೊಸೆ
ಬರೆಯಿರಿ ಅಜ್ಜ, ಉತ್ತರದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸ ಬರುವುದಿಲ್ಲ.

ಹುಡ್ಗ ಭದ್ರಾವತಿ
12ಕ್ಕೆ ಇಷ್ಟೆಲ್ಲ ಚರ್ಚೆನಾ? ನಾನು ಐದು ತಿಂಗಳ ಹಿಂದೆ 2,000ದ ಎಸ್‌ಐಪಿ ಶುರು ಮಾಡಿದೆ. ಆ್ಯಪಿನಲ್ಲಿ XIRR 35.7% ತೋರಿಸುತ್ತಿದೆ! ಅಂಕಲ್, ನನ್ನ ಫಂಡಿಗೆ ಬನ್ನಿ. ಐದು ವರ್ಷದಲ್ಲಿ ಬುಲೆಟ್ ತಗೋಬಹುದು.

ಸಾಗರದ ಸೊಸೆ
ಐದು ಕಂತು, 10,000. ಈಗ ಎಷ್ಟಿದೆ ತಮ್ಮಾ?

ಹುಡ್ಗ ಭದ್ರಾವತಿ
10,800.

ಸಾಗರದ ಸೊಸೆ
ಲಾಭ 800 ರೂಪಾಯಿ. ನಿನ್ನ ಕಂತುಗಳು ಸರಾಸರಿ ಮೂರೇ ತಿಂಗಳು ಅಲ್ಲಿದ್ದವು. ಮೂರು ತಿಂಗಳಲ್ಲಿ 8% ಏರಿದೆ, ಇದೇ ಓಟದಲ್ಲಿ ಇಡೀ ವರ್ಷ ಓಡಿದರೆ ಎಷ್ಟಾಗುತ್ತದೆ ಅಂತ ಆ ಸೂತ್ರ ಹಿಗ್ಗಿಸಿ ತೋರಿಸುತ್ತದೆ. ಓಡೇ ಓಡುತ್ತದೆ ಅಂತ ಅದು ಹೇಳುತ್ತಿಲ್ಲ. ಮಾರುಕಟ್ಟೆ ಮುಂದಿನ ತಿಂಗಳು 8% ಬಿದ್ದರೆ ಇದೇ ಆ್ಯಪ್ ಮೈನಸ್ ತೋರಿಸುತ್ತದೆ. ಒಂದು ವರ್ಷ ಆಗುವ ತನಕ 800 ರೂಪಾಯಿ ಅಂತಲೇ ಓದಿಕೋ.

ಹುಡ್ಗ ಭದ್ರಾವತಿ
ಬುಲೆಟ್ ಕ್ಯಾನ್ಸಲ್ 😄

ಎರಡೆಕರೆ ತೋಟ
ಎಲ್ಲ ಹಾಕಿದೆ. ಮೊದಲು #VALUE! ಅಂತ ಬಂತು.

ಸಾಗರದ ಸೊಸೆ
ಪಿಡಿಎಫ್‌ನಿಂದ ನಕಲು ಮಾಡಿ ಅಂಟಿಸಿದಿರಿ ಅಲ್ವಾ? ತಾರೀಕುಗಳು ಕೋಶದ ಎಡಕ್ಕೆ ಅಂಟಿಕೊಂಡಿದ್ದರೆ ಶೀಟು ಅದನ್ನು ಬರೀ ಅಕ್ಷರ ಅಂದುಕೊಂಡಿದೆ. ನಿಜವಾದ ತಾರೀಕು ತಾನಾಗೇ ಬಲಕ್ಕೆ ಹೋಗುತ್ತದೆ. ಪಕ್ಕದ ಕಾಲಮಿನಲ್ಲಿ ಹೀಗೆ ಮಾಡಿ, ಬರುವ ಅಂಕಿಯ ಫಾರ್ಮ್ಯಾಟನ್ನು ತಾರೀಕಿಗೆ ಬದಲಿಸಿ. ಸೂತ್ರದಲ್ಲೂ ಎ ಬದಲು ಆ ಕಾಲಮನ್ನೇ ಕೊಡಿ:

```
=DATEVALUE(A2)
```

ಆಗದಿದ್ದರೆ 38 ಸಾಲು ಕೈಯಲ್ಲೇ ಬರೆಯಿರಿ. ಅರ್ಧ ಗಂಟೆಯ ಕೆಲಸ.

ಎರಡೆಕರೆ ತೋಟ
ಕೈಯಲ್ಲೇ ತಾರೀಕು ಬರೆದೆ. ಮೊತ್ತ ಮಾತ್ರ ಅಂಟಿಸಿ ಕಂತುಗಳಿಗೆ ಮೈನಸ್ ಹಾಕಿದೆ. ಈಗ ಉತ್ತರ ಬಂತು, ಆದರೆ ಮೈನಸ್ 16.8%! ಬೆಳಿಗ್ಗೆ ಲಾಭ ಅಂದಿರಿ, ಈಗ ನೋಡಿದರೆ ಮುಳುಗಿಹೋಗಿದೆ. ಹೆಂಡತಿ ನಗುತ್ತಿದ್ದಾಳೆ.

ಮಂಡಿ ಲೆಕ್ಕ
ಕಾಗದದಲ್ಲಿ 12.9 ಬಂದದ್ದು ಯಂತ್ರದಲ್ಲಿ ಮೈನಸ್ ಹೇಗಾಗುತ್ತದೆ? ಎಲ್ಲೋ ಜಮೆ ಖರ್ಚು ತಿರುಗಿದೆ. 40,000 ಯಾವ ಕಡೆ ಬರೆದಿದ್ದೀರಿ?

ಎರಡೆಕರೆ ತೋಟ
ಅದನ್ನು ನಾನು ಮುಟ್ಟಲಿಲ್ಲ. ಸ್ಟೇಟ್‌ಮೆಂಟಿನಲ್ಲಿ ಇದ್ದ ಹಾಗೆ ಅಂಟಿಸಿದೆ.

ಸಾಗರದ ಸೊಸೆ
ಅಜ್ಜ ಹಿಡಿದರು! ಸ್ಟೇಟ್‌ಮೆಂಟಿನಲ್ಲಿ ಅದು ಕಂಸದೊಳಗೆ ಇದೆ, (40,000.00). ಲೆಕ್ಕದವರ ರೂಢಿಯಲ್ಲಿ ಕಂಸ ಅಂದರೆ ಮೈನಸ್. ಫಂಡಿನ ಕಡೆಯಿಂದ ನೋಡಿದರೆ ದುಡ್ಡು ಹೊರಗೆ ಹೋಯಿತು, ಅವರಿಗೆ ಅದು ಮೈನಸ್. ಶೀಟಿಗೂ ಕಂಸ ಗೊತ್ತು, ಅದನ್ನು -40000 ಅಂತಲೇ ಓದಿದೆ. ಹಾಗಾಗಿ ನೀವು 40,000 ತೆಗೆದದ್ದಲ್ಲ, ಇನ್ನೂ 40,000 ಹಾಕಿದ್ದೀರಿ ಅಂತ ಲೆಕ್ಕ ಆಯಿತು. 2,20,000 ಹಾಕಿ 1,70,600 ಉಳಿದರೆ ಮೈನಸ್ ಬಾರದೆ ಇನ್ನೇನು?

ಎರಡು ದಾರಿ ಇದೆ. 40,000ವನ್ನು ಪ್ಲಸ್ ಮಾಡಿ. ಇಲ್ಲವಾದರೆ ಕಂತುಗಳ ಮೈನಸ್ ತೆಗೆದು ಎಲ್ಲವನ್ನೂ ಸ್ಟೇಟ್‌ಮೆಂಟಿನಲ್ಲಿ ಇದ್ದ ಹಾಗೇ ಬಿಡಿ, ಕೊನೆಯ 1,70,600ಕ್ಕೆ ಮಾತ್ರ ಮೈನಸ್ ಹಾಕಿ. ಪೂರ್ತಿ ತಿರುಗಿಸಿದರೂ ಉತ್ತರ ಒಂದೇ. ಅರ್ಧ ತಿರುಗಿಸಿದಾಗ ಮಾತ್ರ ಕೆಡುವುದು. ನಾನು ಕಚೇರಿಯಲ್ಲಿ ಎರಡನೆಯದನ್ನೇ ಮಾಡುವುದು, ಕೈ ಕಡಿಮೆ ಆಡಿಸಿದಷ್ಟೂ ತಪ್ಪು ಕಡಿಮೆ.

ಇನ್ನೊಂದು, ಇದೇ ಜಾತಿಯದು. ಬ್ಯಾಂಕಿನಲ್ಲಿ ದುಡ್ಡಿಲ್ಲದೆ ಕಂತು ವಾಪಸ್ ಆಗಿದ್ದರೆ ಸ್ಟೇಟ್‌ಮೆಂಟಿನಲ್ಲಿ ಒಂದು ಖರೀದಿ ಸಾಲು ಇರುತ್ತದೆ, ಕೆಳಗೆ ಅಷ್ಟೇ ಮೊತ್ತ ಕಂಸದಲ್ಲಿ. ಎರಡನ್ನೂ ಹಾಕಿ, ಅಥವಾ ಎರಡನ್ನೂ ಬಿಡಿ. ಒಂದನ್ನು ಮಾತ್ರ ಹಾಕಿದರೆ ಕಟ್ಟದ ಕಂತಿಗೂ ಲೆಕ್ಕ ಆಗುತ್ತದೆ.

ಎರಡೆಕರೆ ತೋಟ
ಸರಿ ಮಾಡಿದೆ. 0.12 ಅಂತ ಬಂತು. ಪರ್ಸೆಂಟ್ ಗುಂಡಿ ಒತ್ತಿದರೆ 12.0%. ಮಗನಿಗೆ ಫೋನ್ ಮಾಡಿ ಹೇಳಿದೆ, "ನಾನು ಮೊದಲೇ ಹೇಳಿರಲಿಲ್ವಾ" ಅಂದ.

ಕೊಪ್ಪದ ಕಾಫಿ
ಇದೇ ಮಾಡಿ ನೋಡಿದೆ. ನನ್ನ ಫಂಡ್ ನಷ್ಟದಲ್ಲಿದೆ, ಅದು ಗೊತ್ತಿದ್ದದ್ದೇ. 60,000 ಹಾಕಿ 52,000 ಇದೆ. ಆದರೆ ಎಕ್ಸೆಲ್‌ನಲ್ಲಿ 0.00% ಬರುತ್ತಿದೆ. ನಷ್ಟವೂ ಇಲ್ಲ ಲಾಭವೂ ಇಲ್ಲ ಅಂತನಾ?

ಸಾಗರದ ಸೊಸೆ
ಅಲ್ಲ. ಆ ಕೋಶದ ಪರ್ಸೆಂಟ್ ತೆಗೆದು ನೋಡಿ, 2.98E-09 ಅಂತ ಇರುತ್ತದೆ. ಅದು ಉತ್ತರ ಅಲ್ಲ, ಎಕ್ಸೆಲ್ ಹುಡುಕಿ ಸೋತು ಕೈಚೆಲ್ಲಿದ ಗುರುತು. ಈ ಸೂತ್ರ ಉತ್ತರವನ್ನು ಅಂದಾಜಿನಿಂದ ಶುರು ಮಾಡಿ ಹುಡುಕುತ್ತದೆ. ನೀವು ಏನೂ ಹೇಳದಿದ್ದರೆ 10% ಲಾಭದಿಂದ ಶುರು ಮಾಡುತ್ತದೆ. ನಷ್ಟದ ಫಂಡಿನಲ್ಲಿ ಕೆಲವೊಮ್ಮೆ ದಾರಿ ತಪ್ಪುತ್ತದೆ. ಮೂರನೆಯ ಜಾಗದಲ್ಲಿ ಒಂದು ಮೈನಸ್ ಅಂದಾಜು ಕೊಡಿ, ಸಾಲುಗಳ ಸಂಖ್ಯೆ ನಿಮ್ಮದಕ್ಕೆ ಬದಲಿಸಿಕೊಳ್ಳಿ:

```
=XIRR(B2:B14, A2:A14, -0.1)
```

ಕೊಪ್ಪದ ಕಾಫಿ
ಬಂತು. ಹೇಳುವುದಿಲ್ಲ, ನಾಚಿಕೆ.

ವಿನೋಬನಗರದ ಮೇಷ್ಟ್ರು
ನನಗೊಂದು ತಕರಾರು ಇದೆ. 12.0 ಅಂತ ದಶಾಂಶದ ತನಕ ಹೇಳುತ್ತಿದ್ದೇವೆ. ಕೊನೆಯ ಸಾಲಿನ 1,70,600 ಒಂದು ದಿನದ ಬೆಲೆ. ನಾಳೆಯೇ ಮಾರುಕಟ್ಟೆ 10% ಬಿದ್ದಿತು ಅಂತ ಇಟ್ಟುಕೊಂಡು ಆ ಒಂದು ಸಾಲನ್ನು 1,53,540 ಮಾಡಿ ನೋಡಿದೆ. ಉತ್ತರ 5.5%ಕ್ಕೆ ಇಳಿಯಿತು. ಮೂರು ವರ್ಷದ ಲೆಕ್ಕ ಒಂದು ವಾರದಲ್ಲಿ ಅರ್ಧಕ್ಕಿಂತ ಕೆಳಗೆ. ಸೊಸೈಟಿಯ 7 ಹಾಗೆ ಇಳಿಯುವುದಿಲ್ಲ. ಹಾಗಾದರೆ 12ನ್ನು 7ರ ಪಕ್ಕ ಇಟ್ಟು ಹೋಲಿಸುವುದು ನ್ಯಾಯವಾ?

ಸಾಗರದ ಸೊಸೆ
ಒಪ್ಪುತ್ತೇನೆ ಸರ್. ಎಸ್‌ಐಪಿಯಲ್ಲಿ ಇದು ಇನ್ನೂ ಜಾಸ್ತಿ, ಯಾಕೆಂದರೆ ಕೊನೆಯಲ್ಲೇ ದುಡ್ಡು ದಪ್ಪಗಿರುತ್ತದೆ. ಮೊದಲ ವರ್ಷ ಬಿದ್ದರೆ ಬೀಳುವುದು ಹತ್ತಿಪ್ಪತ್ತು ಸಾವಿರದ ಮೇಲೆ, ಈಗ ಬಿದ್ದರೆ ಒಂದು ಲಕ್ಷ ಎಪ್ಪತ್ತು ಸಾವಿರದ ಮೇಲೆ. ಹಾಗಾಗಿ ನಾನು ಗ್ರಾಹಕರಿಗೆ ಒಂದೇ ದಿನದ ಉತ್ತರ ಕೊಡುವುದಿಲ್ಲ. ಆರು ತಿಂಗಳಿಗೊಮ್ಮೆ ಕೊನೆಯ ಸಾಲು ಬದಲಿಸಿ ಪಕ್ಕದಲ್ಲಿ ಬರೆದಿಟ್ಟುಕೊಳ್ಳಿ ಅನ್ನುತ್ತೇನೆ.

ಮಂಡಿ ಲೆಕ್ಕ
ಅಡಿಕೆ ಧಾರಣೆ ಇದ್ದ ಹಾಗೆ. ಮನೆಯಲ್ಲಿ ಮೂಟೆ ಇಟ್ಟುಕೊಂಡು ಇವತ್ತಿನ ಧಾರಣೆಗೆ ಗುಣಿಸಿ ಶ್ರೀಮಂತ ಅಂದುಕೊಳ್ಳುವುದು. ಮಾರಿದ ಮೇಲೆ ಗೊತ್ತು.

ವಿನೋಬನಗರದ ಮೇಷ್ಟ್ರು
ಇನ್ನೊಂದು. ಆ ಫಂಡಿನ ಮೂರು ವರ್ಷದ ರಿಟರ್ನ್ 13% ಅಂತ ಹಾಕಿದ್ದಾರೆ. ಎನ್‌ಎವಿ 41.2360ರಿಂದ ಈಗ 59.50 ಆಗಿದೆ, ನಾನೂ ಘನಮೂಲ ತೆಗೆದು ನೋಡಿದೆ, 13 ಸರಿ. ಇವರಿಗೆ ಯಾಕೆ 12?

ಸಾಗರದ ಸೊಸೆ
13 ಅನ್ನುವುದು 2022ರ ಜುಲೈನಲ್ಲೇ ಗಂಟು ಇಟ್ಟು ಮುಟ್ಟದೆ ಕೂತವನದ್ದು. ಅಲ್ಲಿ ನಿಮ್ಮ ಘನಮೂಲ ಸರಿಯಾದ ಜಾಗದಲ್ಲಿದೆ ಸರ್. ತೋಟದ ಅಣ್ಣನ ಪ್ರತಿ ಕಂತೂ ಬೇರೆ ಬೇರೆ ಬೆಲೆಗೆ ಕೊಂಡದ್ದು, ಮಧ್ಯ ಒಂದಿಷ್ಟು ಹೊರಗೂ ಬಂದಿದೆ. ಫಂಡ್ ಎಷ್ಟು ಬೆಳೆಯಿತು ಅನ್ನುವುದು ಒಂದು, ಇವರ ದುಡ್ಡು ಎಷ್ಟು ಬೆಳೆಯಿತು ಅನ್ನುವುದು ಇನ್ನೊಂದು.

ಮಂಡಿ ಲೆಕ್ಕ
ಅಂದರೆ 40,000 ತೆಗೆಯದಿದ್ದರೆ 13 ಆಗುತ್ತಿತ್ತಾ?

ಸಾಗರದ ಸೊಸೆ
ಹಾಗೆ ಹೇಳಲು ಬರುವುದಿಲ್ಲ ಅಜ್ಜ. ತೆಗೆದ ಮೇಲಿನ ವರ್ಷ ಎನ್‌ಎವಿ 51.95ರಿಂದ 59.50ಕ್ಕೆ ಹೋಗಿದೆ, 14.5%. ಬಿಟ್ಟಿದ್ದರೆ 12ಕ್ಕಿಂತ ಸ್ವಲ್ಪ ಮೇಲಿರುತ್ತಿತ್ತು. ದನ ನೆನೆಯುತ್ತಿದ್ದವು ಅಂದರಲ್ಲ, ಅದನ್ನು ಯಾವ ಸಾಲಿನಲ್ಲಿ ಬರೆಯುವುದು?

ಎರಡೆಕರೆ ತೋಟ
ಕೊಟ್ಟಿಗೆಯ ಶೀಟು ಈಗಲೂ ಗಟ್ಟಿಯಾಗಿದೆ 🙂 ಸೊಸೈಟಿಗೆ ಹೋಗುವುದನ್ನು ಸದ್ಯ ಬಿಟ್ಟಿದ್ದೇನೆ, ಮೇಷ್ಟ್ರು ಹೇಳಿದ 5.5 ಮಾತ್ರ ತಲೆಯಲ್ಲಿ ಕೊರೆಯುತ್ತಿದೆ.

ಕೊನೇ ಪ್ರಶ್ನೆ. ಹೆಂಡತಿಯದ್ದೂ ಒಂದು ಎಸ್‌ಐಪಿ ಇದೆ. ಅದರಲ್ಲಿ ಕಳೆದ ವರ್ಷ Switch Out ಅಂತ 62,000 ಕಂಸದಲ್ಲಿದೆ. ನಾವು ದುಡ್ಡು ತೆಗೆದೇ ಇಲ್ಲ.

ಸಾಗರದ ಸೊಸೆ
ಅದೇ ಕಂಪನಿಯ ಬೇರೆ ಸ್ಕೀಮಿಗೆ ಹೋಗಿರುತ್ತದೆ. ಸ್ಟೇಟ್‌ಮೆಂಟಿನಲ್ಲಿ ಇನ್ನೂ ಕೆಳಗೆ ಹೋಗಿ, Switch In ಅಂತ ಅದೇ ದಿನ ಅಥವಾ ಒಂದೆರಡು ದಿನ ಬಿಟ್ಟು ಇರಬೇಕು. ಎರಡೂ ಸ್ಕೀಮ್ ಸೇರಿಸಿ ಒಟ್ಟು ಲೆಕ್ಕ ಬೇಕಾ, ಬೇರೆ ಬೇರೆ ಬೇಕಾ? ಒಟ್ಟು ಬೇಕಾದರೆ ಆ ಎರಡು ಸಾಲನ್ನೂ ಬಿಟ್ಟುಬಿಡಿ. ಬೇರೆ ಬೇರೆ ಬೇಕಾದರೆ ಮೊದಲ ಸ್ಕೀಮಿಗೆ ಅದು ತೆಗೆದ ಹಾಗೆ, ಎರಡನೆಯದಕ್ಕೆ ಒಂದೇ ಗಂಟಿನಲ್ಲಿ ಹಾಕಿದ ಹಾಗೆ.

ಎರಡೆಕರೆ ತೋಟ
ಕೆಳಗೆ ಹೋದೆ. ಎರಡು Switch In ಇದೆ, ಬೇರೆ ಬೇರೆ ಸ್ಕೀಮಿಗೆ. ಕೂಡಿದರೆ 62,000ಕ್ಕೆ ಸ್ವಲ್ಪ ಕಡಿಮೆ ಬರುತ್ತದೆ. ಉಳಿದದ್ದು ಎಲ್ಲಿ ಹೋಯಿತೋ. ಕರೆಂಟ್ ಹೋಯಿತು, ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇಲ್ಲ. ನಾಳೆ ಆ ಸಾಲುಗಳನ್ನು ಹಾಕುತ್ತೇನೆ.

ತೀರ್ಥಹಳ್ಳಿ ಅಂಗಡಿ
ನನ್ನ ಪಿಗ್ಮಿಗೂ ಈ ಸೂತ್ರ ಆಗುತ್ತದಾ? ದಿನಾ 200 ಕಟ್ಟುತ್ತೇನೆ.

ಮಂಡಿ ಲೆಕ್ಕ
ಆಗುತ್ತದೆ. 365 ಸಾಲು ಬರೆಯಬೇಕು, ತಯಾರಿದ್ದೀರಾ?